ಭಾಗವತರ ಸ್ವರ ಎಲ್ಲಿ ಹೋಯಿತು?

ಬದಿಯಡ್ಕದ ನಮ್ಮ ಮನೆಯ ಜಗಲಿ ಇದು. ಮಳೆಯ ಸದ್ದು ಮೈಕಿಗೂ ಬಿದ್ದಿದೆ, ಸ್ವಲ್ಪ ಸುಧಾರಿಸಿಕೊಳ್ಳಿ.

ದುಬೈಯಿಂದ ಬಂದಿದ್ದ ಭಾವ ತಮ್ಮ ಹಳೆಯ ಇಯರ್‌ಫೋನನ್ನು ನನಗೆ ಕೊಟ್ಟುಹೋದರು. ಅದರ ಪಿನ್ನು ಸಪೂರ, ನನ್ನ ಮೊಬೈಲಿಗೆ ಆಗಲಿಲ್ಲ. ಡಬ್ಬದಲ್ಲಿದ್ದ ಒಂದು ಅಡಾಪ್ಟರ್ ಹಾಕಿ ಯಕ್ಷಗಾನ ಕೇಳಲು ಕೂತೆ. ಎಡಗಿವಿ ಪೂರ್ತಿ ಮೌನ. ಬಲಗಿವಿಯಲ್ಲಿ ಚೆಂಡೆ ಎಲ್ಲೋ ಗುಡ್ಡದಾಚೆ ಬಡಿದ ಹಾಗೆ, ಭಾಗವತರ ಪದವಂತೂ ಇಲ್ಲವೇ ಇಲ್ಲ ಮಾರಾಯ್ರೆ!

ಮೊದಲು ಕೇಬಲನ್ನು ಇಯರ್‌ಫೋನಿನಿಂದ ಬಿಡಿಸಿದೆ. ಉಗುರು ಸಿಕ್ಕಿಸಿ ನೇರ ಎಳೆದರೆ ಟಕ್ ಎಂದು ಬಂತು. ಹತ್ತಿರದಿಂದ ನೋಡಿ: ನಡುವೆ ಒಂದೇ ಸೂಜಿ, ಸುತ್ತ ಒಂದು ಬಳೆ. ಇದು ಎಂಎಂಸಿಎಕ್ಸ್ ಎಂಬ ಬಗೆಯ ಕನೆಕ್ಟರ್, ಸಿಕ್ಕಿಸಿದ ಮೇಲೂ ಗಿರಗಿರ ತಿರುಗುತ್ತದೆ. ಟೂ-ಪಿನ್ ಆದರೆ ಪಕ್ಕಪಕ್ಕ ಎರಡು ಕಡ್ಡಿ, ತಿರುಗುವುದಿಲ್ಲ. ಅದರಲ್ಲೂ 0.78 ಮತ್ತು 0.75 ಮಿ.ಮೀ. ಎಂದು ಎರಡಿದೆ, ದಪ್ಪದ್ದನ್ನು ಸಣ್ಣ ತೂತಿಗೆ ತುರುಕಬೇಡಿ.

ಎಡದ್ದನ್ನು ಬಲಕ್ಕೆ ಬದಲಿಸಿ ಸಿಕ್ಕಿಸಿದೆ. ಮೌನ ಕೇಬಲಿನ ಎಡಗಡೆಯಲ್ಲೇ ಉಳಿಯಿತು. ಹಾಗಾದರೆ ಇಯರ್‌ಫೋನ್ ಸರಿ ಇದೆ.

ಇನ್ನು ಪಿನ್ನು. 2.5 ಮಿ.ಮೀ., ಮೂರು ಕಪ್ಪು ಗೆರೆ, ಅಂದರೆ ನಾಲ್ಕು ಪೋಲ್. ಮೈಕ್ ಇರುವ ಹೆಡ್‌ಸೆಟ್ಟಿಗೂ ಮೂರೇ ಗೆರೆ, ಒಂದೊಂದು ಕಿವಿಗೂ ಬೇರೆ ಬೇರೆ ಪ್ಲಸ್ಸು, ಮೈನಸ್ಸು ಇರುವ ಬ್ಯಾಲೆನ್ಸ್ಡ್ ಕೇಬಲಿಗೂ ಮೂರೇ ಗೆರೆ! ಕಣ್ಣಿಗೆ ಗೊತ್ತಾಗುವುದಿಲ್ಲ, ಮಲ್ಟಿಮೀಟರ್ ಬೇಕು. ಕೇಬಲ್ ಬಿಡಿಸಿಟ್ಟು, ಮೀಟರನ್ನು ಬೀಪ್‌ಗೆ ಹಾಕಿ, ಎಡದ ಬಳೆಗೂ ಬಲದ ಬಳೆಗೂ ಕಡ್ಡಿ ಮುಟ್ಟಿಸಿ. ಮೈಕ್ ಕೇಬಲಲ್ಲಿ ಎರಡು ಕಿವಿಯ ಮೈನಸ್ಸೂ ಒಂದೇ, ಬೀಪ್ ಬರಬೇಕು. ನನ್ನದರಲ್ಲಿ ಬರಲಿಲ್ಲ. ಪಿನ್ನಿನ ತುದಿ ಬಲದ ಬಳೆಗೆ ಬೀಪ್, ಬುಡ ಎಡದ ಬಳೆಗೆ ಬೀಪ್. ಬ್ಯಾಲೆನ್ಸ್ಡೇ! ತುದಿಯಿಂದ ಬುಡಕ್ಕೆ ಇದರ ಸಾಲು: ಬಲ ಮೈನಸ್, ಬಲ ಪ್ಲಸ್, ಎಡ ಪ್ಲಸ್, ಎಡ ಮೈನಸ್.

ಮೊಬೈಲಿನ ಸಾಲು ಬೇರೆ: ಎಡ, ಬಲ, ಗ್ರೌಂಡ್, ಮೈಕ್. ನನ್ನ ಅಡಾಪ್ಟರ್ ಇದನ್ನು ಹಾಗೇ ನೇರ ದಾಟಿಸುವಂಥದ್ದು. ಹಾಗಾಗಿ ಬಲ ಇಯರ್‌ಫೋನಿನ ಒಂದು ತಂತಿಗೆ ಎಡದ ಹಾಡು, ಇನ್ನೊಂದಕ್ಕೆ ಬಲದ ಹಾಡು. ಎರಡರಲ್ಲೂ ಸಮನಾಗಿರುವುದು ಒಂದನ್ನೊಂದು ಕಳೆದು ಸೊನ್ನೆ, ವ್ಯತ್ಯಾಸ ಮಾತ್ರ ಕೇಳುತ್ತದೆ. ಭಾಗವತರ ಸ್ವರ ರೆಕಾರ್ಡಿಂಗಿನಲ್ಲಿ ನಟ್ಟನಡುವೆ ಇತ್ತು, ಮಾಯವಾಯಿತು. ಎಡ ಇಯರ್‌ಫೋನಿಗೆ ಸಿಕ್ಕಿದ್ದು ಗ್ರೌಂಡ್ ಮತ್ತು ಮೈಕ್, ಅಲ್ಲಿ ಹಾಡೆಲ್ಲಿಂದ ಬರಬೇಕು?

ಎರಡು ಮೈನಸ್ಸನ್ನೂ ಒಳಗೆ ಗ್ರೌಂಡಿಗೆ ಸೇರಿಸುವ, ಬ್ಯಾಲೆನ್ಸ್ಡ್ ಕೇಬಲಿಗೆಂದೇ ಮಾಡಿದ ಅಡಾಪ್ಟರ್ ತರಿಸಿದೆ. ಉಲ್ಟಾ ಮಾತ್ರ ಮಾಡಬೇಡಿ: ಬ್ಯಾಲೆನ್ಸ್ಡ್ ಜ್ಯಾಕಿಗೆ ಅಡಾಪ್ಟರ್ ಹಾಕಿ ಸಾಮಾನ್ಯ ಕೇಬಲ್ ಸಿಕ್ಕಿಸಿದರೆ ಆಂಪ್ಲಿಫೈಯರಿನ ಎರಡು ಔಟ್‌ಪುಟ್ ಒಂದಕ್ಕೊಂದು ಶಾರ್ಟ್ ಆಗಿ ಅದು ಸುಟ್ಟುಹೋಗಬಹುದು.

ನಿನ್ನೆ ರಾತ್ರಿ ಅದೇ ಪ್ರಸಂಗ ಮತ್ತೆ ಹಾಕಿದೆ. ಭಾಗವತರು ಎರಡು ಕಿವಿಯ ನಡುವೆ ಬಂದು ಕೂತರು. ಹಳೆ ಅಡಾಪ್ಟರಿಗೆ ಟೇಪ್ ಸುತ್ತಿ "ಹೆಡ್‌ಸೆಟ್ಟಿಗೆ ಮಾತ್ರ" ಎಂದು ಬರೆದಿಟ್ಟಿದ್ದೇನೆ.