ಜೋಡಿಯಾಟ ಐದನೇ ವಾರಕ್ಕೆ ಸಾಕು

ಶಿಕ್ಷಕ ಬಂಧುಗಳೇ,

ಒಂದು, ಎರಡನೇ ತರಗತಿಯ ಮಕ್ಕಳನ್ನು ಎದುರುಬದುರು ನಿಲ್ಲಿಸಿ ಚೆಂಡು ಕೊಟ್ಟರೆ ಅರ್ಧ ಪೀರಿಯಡ್ಡು ಚೆಂಡು ಹೆಕ್ಕುವುದರಲ್ಲೇ ಮುಗಿಯುತ್ತದೆ. ಹಿಡಿಯಲು ಕಲಿಯುತ್ತಿರುವ ಮಗುವಿಗೆ, ಎಸೆಯಲು ಬಾರದ ಇನ್ನೊಂದು ಮಗು ಚೆಂಡು ಕಳಿಸುತ್ತಿರುತ್ತದೆ. ಅದಕ್ಕಾಗಿ ಹಿಡಿಯುವುದು, ಎಸೆಯುವುದು ಕಲಿಸುವ ನಮ್ಮ ಆರು ವಾರಗಳ ಪಾಠದಲ್ಲಿ ಜೋಡಿಯಾಟ ಬರುವುದು ಐದನೇ ವಾರದಲ್ಲಿ. ವಾರಕ್ಕೆ ಎರಡು ಪಾಠ, ತಲಾ ಅರ್ಧ ಗಂಟೆ.

ಚೆಂಡಿನ ಬದಲು ಬಟ್ಟೆಯ ಚೀಲದಿಂದ ಶುರುಮಾಡಿ. ದೊಡ್ಡವರ ಅಂಗೈಯಷ್ಟು ಅಗಲ, ಒಳಗೆ ಸುಮಾರು 100 ಗ್ರಾಂ ಹುಣಸೆ ಬೀಜ. ಮರಳು ಬೇಡ, ಹೊಲಿಗೆಯಿಂದ ಸೋರುತ್ತದೆ, ನಮ್ಮ ಮಳೆಗಾಲದಲ್ಲಿ ಒದ್ದೆಯಾದರೆ ಕಲ್ಲಿನಂತೆ ಬಡಿಯುತ್ತದೆ. ಚೀಲ ಪುಟಿಯುವುದಿಲ್ಲ, ಉರುಳುವುದಿಲ್ಲ. ಕಾರವಾರದ ಜೂನ್ ಮಳೆಯಲ್ಲಿ ಅಂಗಳ ಸಿಗದಿದ್ದರೂ ಜಗುಲಿಯಲ್ಲೇ ಪಾಠ ನಡೆಯುತ್ತದೆ.

ಮೊದಲೆರಡು ವಾರ ಹಿಡಿಯುವುದು ಮಾತ್ರ. ಮಗು ತಾನೇ ಚೀಲವನ್ನು ಗಲ್ಲದೆತ್ತರಕ್ಕೆ ಹಾರಿಸಿ ಎರಡೂ ಕೈಯಲ್ಲಿ ಹಿಡಿಯಬೇಕು. ಅದು ಬಂದ ಮೇಲೆ ಹಣೆಯೆತ್ತರ, ಆಮೇಲೆ ಹಾರಿಸಿ ಒಂದು ಚಪ್ಪಾಳೆ. ಚೀಲವನ್ನು ಎದೆಗೆ ಅವುಚಿಕೊಂಡರೆ ಗದರಬೇಡಿ, ಈ ವಯಸ್ಸಿನಲ್ಲಿ ಅದು ಸಹಜ ಹಂತ. ಮುಖ ತಿರುಗಿಸುವುದು, ಕಣ್ಣು ಮುಚ್ಚುವುದು ಬೇರೆ ಮಾತು, ಅದು ಹೆದರಿಕೆ. "ಕಣ್ಣು ಬಿಡು" ಎಂದು ಹೇಳಿ ಪ್ರಯೋಜನವಿಲ್ಲ. ತೆಳು ದುಪಟ್ಟಾದ ತುಂಡು ಕೊಡಿ. ಅದು ನಿಧಾನಕ್ಕೆ ಇಳಿಯುತ್ತದೆ, ತಾಗಿದರೂ ನೋಯುವುದಿಲ್ಲ, ಕಣ್ಣು ತಾನಾಗಿ ತೆರೆದಿರುತ್ತದೆ.

ಮೂರು, ನಾಲ್ಕನೇ ವಾರ ಎಸೆತ. ಇಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ ಹತ್ತಿರದಲ್ಲಿ ಬುಟ್ಟಿ ಇಟ್ಟು ಗುರಿ ಹಿಡಿಯಲು ಹೇಳುವುದು. ಬುಟ್ಟಿ ತಪ್ಪಬಾರದೆಂದು ಮಗು ಮೈ ಬಿಗಿಹಿಡಿದು ಮೊಣಕೈಯಿಂದ ತಳ್ಳುತ್ತದೆ. ಸೊಂಟ ತಿರುಗುವುದೇ ಇಲ್ಲ. ಗುರಿ ಬಿಡಿ, ನಾಲ್ಕೈದು ಮೀಟರ್ ದೂರದ ಗೋಡೆಗೆ ಡಬ್ ಎಂದು ಸದ್ದಾಗುವಂತೆ ಎಸೆಯಲಿ. ಬಲಗೈಯಲ್ಲಿ ಎಸೆಯುವ ಹುಡುಗಿ ಬಲಗಾಲನ್ನೇ ಮುಂದಿಡುತ್ತಾಳೆ ಎನ್ನಿ. ಎಡಭುಜ ಗೋಡೆಯ ಕಡೆ ಬರುವಂತೆ ಅಡ್ಡ ನಿಲ್ಲಿಸಿ, ಮುಂದೆ ಸೀಮೆಸುಣ್ಣದಲ್ಲಿ ಒಂದು ಪಾದ ಬರೆಯಿರಿ. ಎಡಗಾಲು ಎತ್ತಿ ಅದರ ಮೇಲಿಟ್ಟು ಎಸೆಯಲಿ. ಎಡಗೈಯವರಿಗೆ ಇದೆಲ್ಲ ತಿರುವುಮುರುವು. ಸೀಟಿಗೆ ಎಲ್ಲರೂ ಒಟ್ಟಿಗೆ ಎಸೆದು, ಮುಂದಿನ ಸೀಟಿಗೆ ಒಟ್ಟಿಗೆ ಹೆಕ್ಕಬೇಕು. ಇಲ್ಲವಾದರೆ ಹೆಕ್ಕಲು ಓಡಿದವರ ತಲೆಗೇ ಚೀಲ ಬೀಳುತ್ತದೆ.

ಐದನೇ ವಾರ ಜೋಡಿ. ಎರಡು ಮೀಟರ್ ಅಂತರ, ಕೈ ಕೆಳಗಿನಿಂದ ಬೀಸಿ ಎಸೆತ. ಕಮಾನಿನಂತೆ ಏರಿ ಇಳಿಯುವ ಚೀಲ ಹಿಡಿಯುವವರಿಗೆ ಸಮಯ ಕೊಡುತ್ತದೆ. ಐದರಲ್ಲಿ ನಾಲ್ಕು ಹಿಡಿದರೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ. ಎರಡು ತಪ್ಪಿದರೆ ಮತ್ತೆ ಮುಂದೆ.

ಆರನೇ ವಾರ ಲಗೋರಿ. ಚಿರೇಕಲ್ಲಿನ ಚೂರುಗಳ ಬದಲು ಮರದ ತುಂಡು ಪೇರಿಸಿ, ಬಟ್ಟೆ ಚೆಂಡು ಬಳಸಿ. ಓಡುವವರಿಗೆ ಚೆಂಡಿನಿಂದ ಹೊಡೆಯುವ ನಿಯಮ ಮಾತ್ರ ತೆಗೆದುಬಿಡಿ. ಬದಲಿಗೆ ಎದುರಾಳಿಗಳು ತಮ್ಮೊಳಗೆ ಮೂರು ಕ್ಯಾಚ್ ಹಿಡಿಯುವಷ್ಟರಲ್ಲಿ ಲಗೋರಿ ಕಟ್ಟಬೇಕು. ಚೆಂಡೇಟು ಬಿದ್ದ ಮಗು ಮರುದಿನ ಮತ್ತೆ ಕಣ್ಣು ಮುಚ್ಚಲು ಶುರುಮಾಡುತ್ತದೆ, ಆಗ ದುಪಟ್ಟಾದ ತುಂಡಿಗೇ ಮರಳಬೇಕಾಗುತ್ತದೆ.