ಸೆಲ್ ಪಕ್ಕ ಒಂದು ಹತ್ತು ರೂಪಾಯಿ ನಾಣ್ಯ

ಕೇಳುಗರೇ, ನಮಸ್ಕಾರ. ಗಂಗಾವತಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಸುತ್ತಲಿನ ಹಳ್ಳಿಗಳಿಂದ ವಾಟ್ಸಾಪ್‌ಗೆ ಸೆಲ್‌ಗಳ ಫೋಟೋ ಬರುತ್ತಲೇ ಇರುತ್ತವೆ. ಇದು ಯಾವ ಸೆಲ್, ನಿಮ್ಮಲ್ಲಿ ಸಿಗುತ್ತಾ ಅಂತ.

ಹೋದ ತಿಂಗಳು ಕಾರಟಗಿ ಕಡೆಯ ರೈತರೊಬ್ಬರು ಒಂದು ಫೋಟೋ ಕಳಿಸಿದರು. ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವಾಗ ಹಿಡಿಯುವ ಸೋಲಾರ್ ಲೈಟಿನ ಸೆಲ್. ನೀಲಿ ಹೊದಿಕೆಯ ಸೆಲ್ ಮಂಚದ ಮೇಲೆ ಒಂಟಿಯಾಗಿ ಮಲಗಿತ್ತು. “ಅಣ್ಣಾ, ಇದು ಪೆನ್ಸಿಲ್ ಸೆಲ್ ಅಲ್ಲೇನ್ರೀ?” ಎಂದು ಕೇಳಿದರು. ನನಗೂ ಹಾಗೇ ಕಂಡಿತು.

ಯಾಕೆ ಗೊತ್ತಾ? ಪೆನ್ಸಿಲ್ ಸೆಲ್‌ನ ದಪ್ಪ 14.5 ಮಿಲಿಮೀಟರ್, ಉದ್ದ ಸುಮಾರು 50. ಲಿಥಿಯಂ ಅಯಾನ್‌ನ 18650 ಸೆಲ್ 18 ಮಿಲಿಮೀಟರ್ ದಪ್ಪ, 65 ಉದ್ದ. ಎರಡರಲ್ಲೂ ಉದ್ದ ದಪ್ಪದ ಮೂರೂವರೆ ಪಟ್ಟಿನ ಆಸುಪಾಸು. ಪಕ್ಕದಲ್ಲಿ ಬೇರೇನೂ ಇಲ್ಲದಿದ್ದರೆ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು, ಮೊಬೈಲನ್ನು ಒಂದು ಮೊಳ ಎತ್ತರಕ್ಕೆ ಹಿಡಿದು, ನೇರ ಮೇಲಿನಿಂದ ಫೋಟೋ ತೆಗೆಯಲು ಹೇಳಿದೆ. ತೀರಾ ಹತ್ತಿರ ಹಿಡಿದರೆ ನಾಣ್ಯಕ್ಕಿಂತ ಎತ್ತರವಿರುವ ಸೆಲ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಪೆನ್ಸಿಲ್ ಸೆಲ್ ಎರಡು ನಾಣ್ಯಕ್ಕೂ ಸ್ವಲ್ಪ ಕಡಿಮೆ. ಅವರ ಸೆಲ್ ಹೆಚ್ಚುಕಮ್ಮಿ ಎರಡೂವರೆ ನಾಣ್ಯದಷ್ಟಿತ್ತು. ಅಂದರೆ 18650.

ಅಷ್ಟಕ್ಕೇ ಮುಗಿಯಲಿಲ್ಲ. ಸೆಲ್ ಹೊರಳಿಸಿ ಅಕ್ಷರ ಕಾಣುವ ಹಾಗೆ ಇನ್ನೊಂದು ಫೋಟೋ ಕೇಳಿದೆ. ‘ಐ ಎಫ್ ಆರ್ 18650, 3.2 ವೋಲ್ಟ್’ ಅಂತ ಇತ್ತು. ನಡುವಿನ ಎಫ್ ಅಂದರೆ ಕಬ್ಬಿಣದ ಅಂಶವಿರುವ ಲಿಥಿಯಂ ಸೆಲ್. ಅದು 3.65 ವೋಲ್ಟಿಗೆ ಪೂರ್ತಿ ತುಂಬುತ್ತದೆ. ಐ ಸಿ ಆರ್ ಅಥವಾ ಐ ಎನ್ ಆರ್ ಅಂತಿದ್ದರೆ ಸಾಮಾನ್ಯವಾಗಿ 3.7 ವೋಲ್ಟಿನದು, ತುಂಬುವುದು 4.2ಕ್ಕೆ. ಅದನ್ನು ಈ ಲೈಟಿಗೆ ಹಾಕಿದರೆ ಎಂದೂ ಪೂರ್ತಿ ತುಂಬುವುದಿಲ್ಲ. 3.2ರ ಸೆಲ್ಲನ್ನು 3.7ರ ಚಾರ್ಜರಿಗೆ ಹಾಕಿದರಂತೂ ಮಿತಿಮೀರಿ ತುಂಬಿ ಬಿಸಿಯಾಗುತ್ತದೆ. ಅವರಿಗೆ ಐ ಎಫ್ ಆರ್ ಸೆಲ್ಲನ್ನೇ ಕೊಟ್ಟೆ.

ಅಳತೆಯೊಂದನ್ನೇ ನಂಬಬಾರದು ಅನ್ನುವುದಕ್ಕೆ 14500 ಅನ್ನುವ ಲಿಥಿಯಂ ಸೆಲ್ ಇನ್ನೂ ಒಳ್ಳೆಯ ಉದಾಹರಣೆ. ಅದು ಪೆನ್ಸಿಲ್ ಸೆಲ್‌ನಷ್ಟೇ ಇರುತ್ತದೆ, ಆದರೆ ಸಾಮಾನ್ಯವಾಗಿ 3.7 ವೋಲ್ಟ್. 1.5 ವೋಲ್ಟಿನ ಗಡಿಯಾರಕ್ಕೆ ಹಾಕಿದರೆ ಗಡಿಯಾರ ಸುಟ್ಟೀತು. ಹೊದಿಕೆ ಕಿತ್ತು ಅಕ್ಷರವೇ ಇಲ್ಲದ ಸೆಲ್ ಬಂದರೆ, ಫೋಟೋ ನೋಡಿ ನಾನು ಹೆಸರು ಹೇಳುವುದಿಲ್ಲ.

ಬಿಲ್ಲೆಯಂಥ ಸೆಲ್‌ಗೂ ಅಕ್ಷರವೇ ಮುಖ್ಯ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ. ಮುಂದೆ ಸಿ ಆರ್ ಅಂತಿದ್ದರೆ ಚಾರ್ಜ್ ಮಾಡಲೇಬಾರದು. ಎಲ್ ಐ ಆರ್ ಅಂತಿದ್ದರೆ ಮಾಡಬಹುದು.

ಮೊಬೈಲಿನ ಚಪ್ಪಟೆ ಬ್ಯಾಟರಿಯಾದರೆ ಪಕ್ಕದಿಂದಲೂ ಒಂದು ಫೋಟೋ ಕಳಿಸಿ. ಮೇಲಿಂದ ಸರಿಯಾಗೇ ಕಂಡರೂ ಪಕ್ಕದಿಂದ ನೋಡಿದಾಗ ಹೊಟ್ಟೆ ಬಂದಿರಬಹುದು. ಹಾಗಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ.