ಲಾರಿಗೆ ಇನ್ನೂ ಕಮಾನು ಪಟ್ಟಿಯೇ ಯಾಕೆ?

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದ ನಲವತ್ತು ನಿಮಿಷದಲ್ಲಿ ಹತ್ತು ನಿಮಿಷ ಸ್ವಾಗತ ಭಾಷಣಕ್ಕೇ ಹೋಯಿತು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಕಾರಿಗೆ ಕಾಯಿಲ್ ಸ್ಪ್ರಿಂಗ್ ಬಂತು, ಏಸಿ ಬಸ್ಸಿಗೆ ಗಾಳಿ ಚೀಲ ಬಂತು, ಲಾರಿಗೆ ಮಾತ್ರ ಎತ್ತಿನ ಗಾಡಿ ಕಾಲದ ಕಮಾನು ಪಟ್ಟಿ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಯಾಕೆ ಅಂತ ಕೇಳುತ್ತಾರೆ. ಎತ್ತಿನ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ ಸ್ವಾಮಿ, ಇದ್ದದ್ದು ಜಟಕಾಕ್ಕೆ. ಅದಿರಲಿ. ಪ್ರಶ್ನೆ ಕೇಳುವವರು ಪಟ್ಟಿಯನ್ನು ಬರೀ ಸ್ಪ್ರಿಂಗ್ ಅಂದುಕೊಂಡಿರುತ್ತಾರೆ. ಕಾಯಿಲ್ ಸ್ಪ್ರಿಂಗಿಗೆ ಮೇಲೆ ಕೆಳಗೆ ಕುಗ್ಗುವುದು ಮಾತ್ರ ಗೊತ್ತು. ಆಕ್ಸಲ್ ಹಿಂದೆ ಮುಂದೆ ಓಡದಂತೆ, ಪಕ್ಕಕ್ಕೆ ಸರಿಯದಂತೆ ಹಿಡಿಯಲು ಅದಕ್ಕೆ ಬೇರೆ ರಾಡುಗಳು ಬೇಕು. ಗಾಳಿ ಚೀಲಕ್ಕೂ ಅಷ್ಟೇ, ಜೊತೆಗೆ ಕಂಪ್ರೆಸರ್ ಗಾಳಿ, ಎತ್ತರ ಸರಿಮಾಡುವ ವಾಲ್ವು. ಕಮಾನು ಪಟ್ಟಿ ಭಾರ ಹೊರುತ್ತದೆ, ಆಕ್ಸಲನ್ನು ಜಾಗದಲ್ಲಿ ಹಿಡಿಯುತ್ತದೆ, ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳುವುದನ್ನೂ ತಡೆಯುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜುವಾಗ ಕುಲುಕಾಟವೂ ಸ್ವಲ್ಪ ಸಾಯುತ್ತದೆ. ಎಷ್ಟೋ ಲಾರಿಗಳ ಹಿಂದೆ ಶಾಕ್ ಅಬ್ಸಾರ್ಬರೇ ಇಲ್ಲದೆ ನಡೆದುಹೋಗುವುದು ಇದರಿಂದಲೇ.

ಈಗ ಭಾರದ ಲೆಕ್ಕ ಹಾಕೋಣ. 2018ರ ನಿಯಮದ ಪ್ರಕಾರ ನಾಲ್ಕು ಟೈರಿನ ಹಿಂದಿನ ಒಂಟಿ ಆಕ್ಸಲಿಗೆ 11.5 ಟನ್. ಅದರಲ್ಲಿ ಆಕ್ಸಲ್, ಚಕ್ರ, ಡ್ರಮ್ಮಿನ ತೂಕ ಸ್ಪ್ರಿಂಗಿನ ಮೇಲೆ ಬರುವುದಿಲ್ಲ. ಅದಕ್ಕೆ ಒಂದೂವರೆ ಟನ್ ಕಳೆದರೆ ಉಳಿದದ್ದು 10, ಅಂದರೆ ಒಂದು ಕಡೆಗೆ 5 ಟನ್. ಕಣ್ಣಿನಿಂದ ಕಣ್ಣಿಗೆ, ಅಂದರೆ ಪಿನ್ನು ಕೂರುವ ತುದಿಯ ಸುರುಳಿಯಿಂದ ಸುರುಳಿಗೆ, 1400 ಮಿಲಿಮೀಟರ್, ಪಟ್ಟಿಯ ಅಗಲ 90, ದಪ್ಪ 14, ಒಟ್ಟು ಹತ್ತು ಪಟ್ಟಿ ಅಂತ ಇಟ್ಟುಕೊಳ್ಳಿ. ಭಾರ ಹೆಚ್ಚಾದಾಗ ಮಾತ್ರ ಕೆಲಸಕ್ಕೆ ಬರುವ ಮೇಲಿನ ಹೆಲ್ಪರ್ ಕಟ್ಟನ್ನು ಸದ್ಯ ಮರೆಯಿರಿ. ಲೆಕ್ಕ ಹಾಕಿದರೆ ಉಕ್ಕಿನಲ್ಲಿ ಚದರ ಮಿಲಿಮೀಟರಿಗೆ ಸುಮಾರು 600 ನ್ಯೂಟನ್ ಒತ್ತಡ ಬರುತ್ತದೆ, ಕಟ್ಟು ಸುಮಾರು 10 ಸೆಂಟಿಮೀಟರ್ ಇಳಿಯುತ್ತದೆ. ಸಾದಾ ಕಬ್ಬಿಣ 250ಕ್ಕೇ ಬಗ್ಗಿ ಹಾಗೇ ಕೂರುತ್ತದೆ. ಹದ ಕೊಟ್ಟ ಸ್ಪ್ರಿಂಗ್ ಉಕ್ಕು 1100 ದಾಟಿದರೂ ತಿರುಗಿ ಬರುತ್ತದೆ. ಹೊಂಡಕ್ಕೆ ಬಿದ್ದಾಗಿನ ಏಟಿಗೆ ಬೇಕಾದದ್ದು 600ಕ್ಕೂ 1100ಕ್ಕೂ ನಡುವಿನ ಆ ಜಾಗ.

ಈ ಹತ್ತು ಪಟ್ಟಿಯನ್ನು ಬೆಸೆದು 14 ಸೆಂಟಿಮೀಟರ್ ದಪ್ಪದ ಒಂದೇ ದಿಮ್ಮಿ ಮಾಡಿದರೆ? ಬಲವೇನೋ ಹತ್ತು ಪಟ್ಟು. ಆದರೆ ಬಗ್ಗುವುದು ನೂರರಲ್ಲಿ ಒಂದು ಪಾಲು, ಬರೀ 1 ಮಿಲಿಮೀಟರ್. ಅದು ಸ್ಪ್ರಿಂಗಲ್ಲ, ತೊಲೆ. ನೋಟ್‌ಬುಕ್ ಬಗ್ಗಿಸಿ ನೋಡಿ, ಹಾಳೆಗಳು ಅಂಚಿನಲ್ಲಿ ಮೆಟ್ಟಿಲಾಗಿ ಜಾರುತ್ತವೆ, ಅದಕ್ಕೇ ಬಗ್ಗುತ್ತದೆ. ಪಟ್ಟಿಗಳೂ ಹಾಗೆ ಜಾರಬೇಕು. ತುಕ್ಕು ಹಿಡಿದು ಅಂಟಿಕೊಂಡ ಕಟ್ಟು ದಿಮ್ಮಿಯ ಕಡೆಗೇ ಹೋಗುತ್ತದೆ.

ಆದರೆ ಜಾರಬೇಕಾದ್ದು ತುದಿಗಳಲ್ಲಿ, ನಡುವಿನಲ್ಲಿ ಅಲ್ಲ. ನಡುವೆ ಯು ಬೋಲ್ಟು ಕಟ್ಟನ್ನು ಆಕ್ಸಲಿಗೆ ಒತ್ತಿ ಹಿಡಿದಿರಬೇಕು. ಇಲ್ಲಿಂದ ಮುಂದೆ ಬೇಸರವಾಗುವಷ್ಟು ಸಲ ಯು ಬೋಲ್ಟು ಅನ್ನುತ್ತೇನೆ, ಸಹಿಸಿಕೊಳ್ಳಿ.

ಎಲ್ಲ ವರ್ಕ್‌ಶಾಪಿಗೂ ಬರುವ ಒಂದು ಲಾರಿ ಇದೆ. ಜಲ್ಲಿ ಹೊಡೆಯುತ್ತಿರುತ್ತದೆ. ಮೈನ್ ಪ್ಲೇಟ್, ಅಂದರೆ ಕಣ್ಣಿರುವ ಉದ್ದನೆಯ ಪಟ್ಟಿ, ಮುರಿಯಿತು, ಹೊಸದು ಹಾಕಿದರು. ಎರಡು ತಿಂಗಳಿಗೆ ಮತ್ತೆ ಕಟ್. ಮಾಲೀಕ ಪ್ಲೇಟು ಮಾರಿದವನನ್ನು ಬೈದ, ಬೇರೆ ಅಂಗಡಿಯಿಂದ ತಂದ. ಅದೂ ಕಟ್. ಅಲ್ಲಿಗೆ ಉಕ್ಕೇ ಕಲಬೆರಕೆ ಅಂತ ತೀರ್ಮಾನ. ಮುರಿದ ತುಂಡನ್ನು ಮಾತ್ರ ಯಾರೂ ಕೈಗೆತ್ತಿಕೊಂಡು ನೋಡಲಿಲ್ಲ! ಗುಜರಿಗೆ ಹಾಕುವ ಮೊದಲು ನೋಡಿ. ಮೂರೂ ಸಲ ಮುರಿದದ್ದು ಪಟ್ಟಿಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನಲ್ಲಿ. ಮುರಿದ ಮುಖದಲ್ಲಿ ತೂತಿನ ಅಂಚಿನಿಂದ ಶುರುವಾದ ಒಂದು ಕಪ್ಪು ನುಣುಪು ಭಾಗ, ಅದರಲ್ಲಿ ಅಲೆಅಲೆಯ ಗೆರೆ. ಉಳಿದದ್ದು ಒರಟು, ಬೆಳ್ಳಗೆ ಹೊಳೆಯುವ ಭಾಗ. ಕಪ್ಪು ಭಾಗ ದಿನವೂ ಚೂರುಚೂರೇ ಬಿರಿದದ್ದು, ಬೆಳ್ಳಗಿನದು ಕೊನೆಯ ಏಟಿಗೆ ಹೋದದ್ದು.

ತೂತಿನಲ್ಲೇ ಯಾಕೆ? ಪಟ್ಟಿ ಅತಿ ಹೆಚ್ಚು ಬಗ್ಗಲು ನೋಡುವುದು ನಟ್ಟನಡುವೆ. ತೂತು ಇರುವುದೂ ಅಲ್ಲೇ. ಯು ಬೋಲ್ಟು ಬಿಗಿಯಾಗಿದ್ದರೆ ಅದರೊಳಗಿನ ಭಾಗ ಆಕ್ಸಲಿನ ಜೊತೆ ಒಂದೇ ಗಟ್ಟಿಯಾಗಿ ಇರುತ್ತದೆ, ಬಗ್ಗುವುದು ಹೊರಗೆ. ಸಡಿಲವಾದರೆ ಬಗ್ಗುವಿಕೆ ಒಳಗೆ ನುಗ್ಗಿ ತೂತಿಗೆ ತಲುಪುತ್ತದೆ. ಪಟ್ಟಿಯ ಮೇಲಿನ ಮುಖ ಹಿಗ್ಗುವ ಬದಿ, ಬಿರುಕು ಅಲ್ಲಿ ಹುಟ್ಟುತ್ತದೆ. ಅದೇ ಪಟ್ಟಿ ಯು ಬೋಲ್ಟಿನ ಅಂಚಿಗೆ ಮುರಿದಿದ್ದರೆ ಓವರ್‌ಲೋಡ್ ಅಥವಾ ವಯಸ್ಸು ಅನ್ನಬಹುದಿತ್ತು. ಕಣ್ಣಿನ ಹತ್ತಿರ ಮುರಿದಿದ್ದರೆ ಮೊದಲು ಪಿನ್ನು, ಬುಶ್ಶು, ಕಣ್ಣನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಬಿಚ್ಚಿ ನೋಡಬೇಕು. ಭಾರ ಬಿದ್ದು ಚಪ್ಪಟೆಯಾದಾಗ ಕಟ್ಟು ಉದ್ದವಾಗುತ್ತದೆ, ಆ ಉದ್ದಕ್ಕೆ ಶ್ಯಾಕಲ್ ತೂಗಲೇಬೇಕು. ಗ್ರೀಸ್ ಕಾಣದೆ ಅದು ಹಿಡಿದುಕೊಂಡಿದ್ದರೆ ಕಣ್ಣು ತಡೆಯುವುದಿಲ್ಲ.

ಸಡಿಲವಾದ ಯು ಬೋಲ್ಟಿನ ಇನ್ನೊಂದು ಬಲಿ ಸೆಂಟರ್ ಬೋಲ್ಟು. ಅದರ ಕೆಲಸ ಜೋಡಿಸುವಾಗ ಜಾಗ ತೋರಿಸುವುದಷ್ಟೇ. ಅದರ ತಲೆ ಆಕ್ಸಲ್ ಸೀಟಿನ ಗುಳಿಯಲ್ಲಿ ಕೂರುತ್ತದೆ. ಎಳೆತ, ಬ್ರೇಕು ಎಲ್ಲ ತಡೆಯಬೇಕಾದ್ದು ಬಿಗಿತದ ಉಜ್ಜಾಟ. ಬಿಗಿತ ಹೋದರೆ ಅಷ್ಟೂ ಬಲ ಆ ಬೋಲ್ಟಿನ ಮೇಲೆ ಬಿದ್ದು ತಲೆ ಕತ್ತರಿಸುತ್ತದೆ. ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ, ಲಾರಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ಟೈರ್ ತಿನ್ನುತ್ತದೆ. ಎರಡೂ ಕಡೆ ಮುಂದಿನ ಸ್ಪ್ರಿಂಗ್ ಪಿನ್ನಿನಿಂದ ಆಕ್ಸಲಿಗೆ ಟೇಪ್ ಹಿಡಿದು ಅಳೆದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಸಮಯ ಆಯಿತು ಅಂತ ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಎಕ್ಸ್‌ಟ್ರಾ ಪ್ಲೇಟಿನ ಬಗ್ಗೆ ಹೇಳದೆ ಇಳಿಯುವುದಿಲ್ಲ. ಹತ್ತಕ್ಕೆ ಎರಡು ಸೇರಿಸಿದರೆ ಪಟ್ಟಿಯ ಮೇಲಿನ ಒತ್ತಡ ಇಳಿಯುತ್ತದೆ, ನಿಜ. ಆದರೆ ಆಕ್ಸಲ್, ಬೇರಿಂಗ್, ಬ್ರೇಕು, ಟೈರು ಹಳೆಯವೇ. ಕಟ್ಟು 20 ಪರ್ಸೆಂಟ್ ಗಡಸಾಗಿ, ಖಾಲಿ ಬರುವಾಗ ಹಿಂಭಾಗ ನೆಗೆಯುತ್ತದೆ, ಬ್ರೇಕ್ ಹಾಕಿದರೆ ಚಕ್ರ ಬೇಗ ಲಾಕ್ ಆಗುತ್ತದೆ. ಇನ್ನು ಕಟ್ಟಿನ ಎತ್ತರ 28 ಮಿಲಿಮೀಟರ್ ಏರಿತಲ್ಲ, ಹಳೇ ಯು ಬೋಲ್ಟೇ ಹಾಕಿದರೆ ನಟ್ಟಿಗೆ ಎರಡು ಮೂರು ಸುತ್ತು ಥ್ರೆಡ್ ಮಾತ್ರ ಸಿಗುತ್ತದೆ. ನೋಡಿ, ಮತ್ತೆ ಯು ಬೋಲ್ಟಿಗೇ ಬಂದೆವು.

ಪ್ಯಾರಾಬಾಲಿಕ್ ಪಟ್ಟಿಗೆ ಇನ್ನೊಂದು ದಿನ ಬೇಕು. ನಡುವೆ ದಪ್ಪ, ತುದಿಗೆ ತೆಳುವಾದ ಎರಡು ಮೂರು ಪಟ್ಟಿ, ನಡುವೆ ಸಂದು. ತೂಕ ಕಡಿಮೆ, ಉಜ್ಜಾಟ ಕಡಿಮೆ, ಆದ್ದರಿಂದ ಶಾಕ್ ಅಬ್ಸಾರ್ಬರ್ ಚೆನ್ನಾಗಿರಲೇಬೇಕು. ಒಂದು ಮುರಿದರೆ ಹತ್ತರಲ್ಲಿ ಒಂದು ಹೋದಂತಲ್ಲ, ಮೂರರಲ್ಲಿ ಒಂದು ಹೋದಂತೆ. ಗಾಜು, ಮೆಷೀನು ಸಾಗಿಸುವವರಿಗೆ, ಒಳ್ಳೆಯ ಹೈವೇಯಲ್ಲೇ ಓಡುವವರಿಗೆ ಗಾಳಿ ಚೀಲ ವಾಸಿ, ಅದರಲ್ಲಿ ನನಗೆ ಜಗಳವಿಲ್ಲ. ಕ್ವಾರಿಯೊಳಗೆ ಚೀಲ ಹರಿದರೆ ಏನು ಮಾಡುತ್ತೀರಿ ಅನ್ನುವುದು ಬೇರೆ ಮಾತು.

ಚೀಟಿಯಲ್ಲಿ ಬಂದ ಎರಡು ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ. ಚಾಸಿ ವೆಲ್ಡಿಂಗ್ ಮಾಡುವಾಗ ಅರ್ತ್ ಕ್ಲಿಪ್ಪನ್ನು ಪಟ್ಟಿಗೆ ಹಾಕಬಹುದೇ? ಬೇಡ. ಕಿಡಿ ಹಾರಿದ ಒಂದು ಚುಕ್ಕೆಯಲ್ಲಿ ಉಕ್ಕು ಗಾಜಿನಂತೆ ಪೆಡಸಾಗಿ, ಅಲ್ಲೇ ಬಿರುಕು ಶುರುವಾಗುತ್ತದೆ. ಯು ಬೋಲ್ಟ್ ಯಾವಾಗ ಬಿಗಿಯಬೇಕು? ಲಾರಿ ಚಕ್ರದ ಮೇಲೆ ನಿಂತಿರುವಾಗ, ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪಸ್ವಲ್ಪವಾಗಿ, ಕಂಪನಿ ಪುಸ್ತಕ ಹೇಳಿದ ಟಾರ್ಕಿಗೆ. ಹೊಸ ಪಟ್ಟಿಯ ಬಣ್ಣ ಒತ್ತಿ ಕೂರುವುದರಿಂದ ಮೊದಲ ಲೋಡ್ ಹೊಡೆದು ಬಂದ ಮೇಲೆ ಇನ್ನೊಮ್ಮೆ. ಬಿಚ್ಚಿದ ಬೋಲ್ಟು, ನಟ್ಟು ಮತ್ತೆ ಹಾಕಬೇಡಿ, ಅದರ ಥ್ರೆಡ್ ಆಗಲೇ ಹಿಗ್ಗಿರುತ್ತದೆ.